‘ಆಯ್ತು ಮೇಡಂ’ ಅಂದರೆ ಯಾವುದಕ್ಕೆ ಆಯ್ತು? ವಾಟ್ಸಾಪ್ ಮಾತನ್ನು ಮೇಲ್‌ಗೆ ಇಳಿಸುವ ಬಗೆ

ತುಮಕೂರಿನ ಹತ್ತಿರ ಚಟ್ನಿಪುಡಿ ತಯಾರಿಸುವ ಒಂದು ಸಣ್ಣ ಘಟಕ ಇದೆ ಅಂದುಕೊಳ್ಳಿ. ಅದಕ್ಕೆ ರಟ್ಟಿನ ಬಾಕ್ಸ್ ಮಾಡಿಕೊಡುವವರು ಪೀಣ್ಯದಲ್ಲಿದ್ದಾರೆ. ಘಟಕದಲ್ಲಿ ಖರೀದಿ ನೋಡಿಕೊಳ್ಳುವ ಮೇಡಂಗೂ ಬಾಕ್ಸ್ ಯಜಮಾನರಿಗೂ ಮೂರು ದಿನ ವಾಟ್ಸಾಪ್‌ನಲ್ಲಿ ನಡೆದ ಮಾತು ಹೀಗಿದೆ:

ಜೂನ್ 3
ಮೇಡಂ: ಸಾರ್, 365 × 245 × 115, ಐದು ಪ್ಲೈ, ಎರಡು ಕಲರ್ ಪ್ರಿಂಟ್. 2000 ಬೇಕು. ರೇಟ್ ಹೇಳಿ.
ಬಾಕ್ಸ್‌ನವರು: 31 ಆಗುತ್ತೆ ಮೇಡಂ.
ಮೇಡಂ: ಜಾಸ್ತಿ ಆಯ್ತು. 28 ಮಾಡಿ.
ಬಾಕ್ಸ್‌ನವರು: ಪೇಪರ್ ರೇಟ್ ಏರಿದೆ. 29.50 ಲಾಸ್ಟ್.
ಮೇಡಂ: ನೋಡ್ತೀನಿ.
ಬಾಕ್ಸ್‌ನವರು: (ವಾಯ್ಸ್ ಮೆಸೇಜ್, 48 ಸೆಕೆಂಡ್)

ಜೂನ್ 4
ಮೇಡಂ: ಆಯ್ತು ಸಾರ್. ಆದ್ರೆ ಈ ಸಲ 1500 ಸಾಕು. 16ಕ್ಕೆ ಬೇಕೇ ಬೇಕು.
ಬಾಕ್ಸ್‌ನವರು: 👍
ಬಾಕ್ಸ್‌ನವರು: ಅಡ್ವಾನ್ಸ್ 50% ಹಾಕ್ಬಿಡಿ.
ಮೇಡಂ: 40 ಹಾಕ್ತೀನಿ, ಉಳಿದಿದ್ದು 30 ದಿನ.
ಬಾಕ್ಸ್‌ನವರು: ಫೋನ್ ಮಾಡ್ತೀನಿ.
(ಕರೆ, 6 ನಿಮಿಷ)

ಜೂನ್ 5
ಬಾಕ್ಸ್‌ನವರು: ಫೋನಲ್ಲಿ ಮಾತಾಡಿದ ಹಾಗೇ ಮಾಡೋಣ. ಡಿಸೈನ್ ಕಳಿಸಿ.
ಮೇಡಂ: (ಫೋಟೊ) ಇದೇ ಫೈನಲ್.
ಮೇಡಂ: ಅಯ್ಯೋ ಅದಲ್ಲ, ಇದು (ಇನ್ನೊಂದು ಫೋಟೊ)
ಬಾಕ್ಸ್‌ನವರು: ಓಕೆ ಆಯ್ತು ಮೇಡಂ.

ಇಲ್ಲಿಗೆ ಇಬ್ಬರೂ ನೆಮ್ಮದಿಯಾಗಿ ಫೋನ್ ಕೆಳಗಿಡುತ್ತಾರೆ. ಆರ್ಡರ್ ಕುದುರಿತು ಎಂದು ಅವರು, ಬಾಕ್ಸ್ ಬರುತ್ತದೆ ಎಂದು ಇವರು. ಇದರಲ್ಲಿ ಮೋಸವಿಲ್ಲ, ಕೆಟ್ಟ ಉದ್ದೇಶವೂ ಇಲ್ಲ. ಆದರೆ ಈ ಹದಿನೈದು ಸಾಲಿನಲ್ಲಿ ಇಬ್ಬರೂ ಒಂದೇ ಅರ್ಥದಲ್ಲಿ ಒಪ್ಪಿದ್ದು ‘ಐದು ಪ್ಲೈ, ಎರಡು ಕಲರ್’ ಎಂಬುದನ್ನು ಮಾತ್ರ. ಉಳಿದದ್ದೆಲ್ಲ ಅವರವರ ತಲೆಯೊಳಗೆ ಬೇರೆ ಬೇರೆಯಾಗಿದೆ. ಅದನ್ನು ಹೊರಗೆ ತರುವುದೇ ಮೇಲ್‌ನ ಕೆಲಸ. ಬಹಳ ಜನ ಚಾಟ್‌ನ ಸ್ಕ್ರೀನ್‌ಶಾಟ್ ಏಳೆಂಟು ಅಂಟಿಸಿ, ಮೇಲೆ ‘ಮಾತಾಡಿದಂತೆ’ ಎಂದು ಒಂದು ಸಾಲು ಬರೆದು ಕಳಿಸುತ್ತಾರೆ. ಅದರಿಂದ ಗೊಂದಲ ವಾಟ್ಸಾಪ್‌ನಿಂದ ಇನ್‌ಬಾಕ್ಸ್‌ಗೆ ಮನೆ ಬದಲಾಯಿಸುತ್ತದೆ, ಅಷ್ಟೇ.

ಮೊದಲು ಒಂದು ಹಾಳೆ ತೆಗೆದುಕೊಂಡು ಚಾಟನ್ನು ಬಿಡಿಸಬೇಕು. ಸಾಲು ಸಾಲಾಗಿ ಅಲ್ಲ, ವಿಷಯವಾರು. ಏನು ವಸ್ತು, ಎಷ್ಟು, ಏನು ಬೆಲೆ, ಯಾವಾಗ ಎಲ್ಲಿಗೆ, ದುಡ್ಡು ಹೇಗೆ. ಒಂದೊಂದು ವಿಷಯದ ಎದುರು ಎರಡೇ ಪ್ರಶ್ನೆ: ಇದರ ಬಗ್ಗೆ ಕೊನೆಯ ಮಾತು ಯಾವುದು? ಆ ಮಾತಿಗೆ ಎದುರಿನವರು ಏನೆಂದರು? ಎರಡನೆಯ ಪ್ರಶ್ನೆಗೆ ಚಾಟ್‌ನಲ್ಲಿ ಬೆರಳಿಟ್ಟು ತೋರಿಸುವಂಥ ಉತ್ತರ ಇಲ್ಲದಿದ್ದರೆ ಆ ವಿಷಯ ಇನ್ನೂ ತೀರ್ಮಾನವಾಗಿಲ್ಲ. ನಿಮಗೆ ಎಷ್ಟೇ ‘ಗೊತ್ತಿದ್ದರೂ’ ಸರಿಯೆ.

ಈ ಹುಡುಕಾಟದಲ್ಲಿ ನಮ್ಮ ಭಾಷೆಯೇ ಸ್ವಲ್ಪ ಕೈಕೊಡುತ್ತದೆ. ‘ಆಯ್ತು’ ಎಂಬ ಮಾತಿಗೆ ‘ಒಪ್ಪಿದೆ’ ಎಂಬ ಅರ್ಥವಿದೆ, ‘ಕೇಳಿಸಿತು’ ಎಂಬ ಅರ್ಥವಿದೆ, ‘ಸದ್ಯಕ್ಕೆ ಮಾತು ಸಾಕು’ ಎಂಬ ಅರ್ಥವೂ ಇದೆ. ‘ನೋಡೋಣ’ ಅಂದರೆ ಹತ್ತರಲ್ಲಿ ಒಂಬತ್ತು ಸಲ ಇಲ್ಲ ಎಂದೇ, ಮುಖ ಮುರಿಯದೆ ಹೇಳುವುದು. ‘ಅಡ್ಜಸ್ಟ್ ಮಾಡೋಣ’ ಎಂಬುದು ಇದೆಲ್ಲಕ್ಕಿಂತ ದುಬಾರಿ. ಯಾರು ಯಾರಿಗೆ ಅಡ್ಜಸ್ಟ್ ಮಾಡಿಕೊಳ್ಳಬೇಕು ಎಂಬುದು ಆ ಮಾತಿನಲ್ಲಿ ಇರುವುದೇ ಇಲ್ಲ. ಮಾತು ಕೆಡದಂತೆ ನೋಡಿಕೊಳ್ಳಲು ಇವೆಲ್ಲ ಒಳ್ಳೆಯ ಪದಗಳೇ. ಮೇಲ್‌ನಲ್ಲಿ ಮಾತ್ರ ಇವುಗಳಲ್ಲಿ ಒಂದೂ ಇರಬಾರದು.

ಅಳತೆಯಿಂದ ಶುರು ಮಾಡೋಣ. 365 × 245 × 115 ಮಿಲಿಮೀಟರ್ ಎಂದು ಮೇಡಂ ಬರೆದರು. 60 ಮಿ.ಮೀ. ಅಗಲದ ಜಾಡಿಗಳನ್ನು ಆರು ಸಾಲು, ಸಾಲಿಗೆ ನಾಲ್ಕರಂತೆ 24 ಜೋಡಿಸಿದರೆ 360 × 240 ಆಗುತ್ತದೆ. ಐದು ಮಿ.ಮೀ. ಸಡಿಲ ಬಿಟ್ಟು ಅವರು ಹೇಳಿದ್ದು ಬಾಕ್ಸಿನ ಒಳ ಅಳತೆ. ಬಾಕ್ಸ್‌ನವರು ಅದನ್ನು ಹೊರ ಅಳತೆ ಎಂದುಕೊಂಡರೆ? ಐದು ಪ್ಲೈ, ಅಂದರೆ ಐದು ಪದರದ ರಟ್ಟಿನ ದಪ್ಪ ಸುಮಾರು ಆರರಿಂದ ಏಳು ಮಿ.ಮೀ. ಎರಡೂ ಕಡೆಯ ಗೋಡೆ ಸೇರಿ ಹದಿಮೂರರಷ್ಟು ಹೋಗುತ್ತದೆ. ಒಳಗೆ ಉಳಿಯುವುದು 352 ಚಿಲ್ಲರೆ. ಆರನೆಯ ಜಾಡಿ ಕೂರುವುದೇ ಇಲ್ಲ. ಲಾರಿಯಿಂದ ಇಳಿಸಿದ 1500 ಬಾಕ್ಸ್ ಕೇಳಿದ ಅಳತೆಗೇ ಇವೆ, ಆದರೂ ಒಂದೂ ಉಪಯೋಗವಿಲ್ಲ. ‘ಒಳ ಅಳತೆ’ ಎಂಬ ಎರಡು ಪದ ಇಲ್ಲದ್ದಕ್ಕೆ ಇಷ್ಟು. ನಾನೇ ಒಂದು ಸಲ ಇದರಲ್ಲಿ ಸಿಕ್ಕಿಬಿದ್ದೆ. ಪೂರೈಸಿದವರ ತಪ್ಪು ಎಂದು ಜಗಳಕ್ಕೆ ಹೋಗಿ, ಚಾಟ್ ತೆರೆದು ನೋಡಿದರೆ ನಾನು ಬರೆದದ್ದು ಬರೀ ಮೂರು ಸಂಖ್ಯೆ.

ಇನ್ನು ಬೆಲೆ. 29.50 ಎಂದು ಅವರು ಹೇಳಿದ್ದು 2000 ಬಾಕ್ಸಿಗೆ. ಮರುದಿನ ಮೇಡಂ ‘ಆಯ್ತು’ ಎಂದು, ಅದೇ ಉಸಿರಿನಲ್ಲಿ ಸಂಖ್ಯೆಯನ್ನು 1500ಕ್ಕೆ ಇಳಿಸಿದರು. ಬಂದ ಉತ್ತರ ಒಂದು ಹೆಬ್ಬೆರಳು. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಮಿನ ಪ್ರಕಾರ ಒಪ್ಪಿಗೆ ಪೂರ್ತಿಯಾಗಿರಬೇಕು, ಷರತ್ತಿಲ್ಲದೆ ಇರಬೇಕು. ‘ಆಯ್ತು, ಆದ್ರೆ’ ಎಂದಾಕ್ಷಣ ಅದು ಒಪ್ಪಿಗೆಯಾಗಿ ಉಳಿಯುವುದಿಲ್ಲ, ಹೊಸ ಪ್ರಸ್ತಾಪವಾಗುತ್ತದೆ. ಹಾಗಾಗಿ ಒಪ್ಪಿಗೆ ಏನಾದರೂ ಇದ್ದರೆ ಅದು ಆ ಹೆಬ್ಬೆರಳಿನಲ್ಲಿದೆ. ಅದು ಯಾವುದಕ್ಕೆ? 1500ಕ್ಕೂ 29.50ರಂತೆಯೇ ಕೊಡುತ್ತೇನೆ ಎಂದೇ, 16ನೇ ತಾರೀಕಿಗೆ ಕೊಡುತ್ತೇನೆ ಎಂದೇ, ಇಲ್ಲ ‘ನೋಡಿದೆ ಮೇಡಂ’ ಎಂದೇ?

ಹೆಬ್ಬೆರಳನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಕೆನಡಾದ ಸಸ್ಕ್ಯಾಚೆವನ್ ಪ್ರಾಂತ್ಯದಲ್ಲಿ 2021ರಲ್ಲಿ ಒಬ್ಬ ಧಾನ್ಯ ಖರೀದಿದಾರ ಅಗಸೆ ಖರೀದಿಯ ಕರಾರಿನ ಫೋಟೊವನ್ನು ರೈತನಿಗೆ ಕಳಿಸಿ ದೃಢಪಡಿಸಲು ಕೇಳಿದ. ರೈತ ಕಳಿಸಿದ್ದು ಹೆಬ್ಬೆರಳು ಮಾತ್ರ. ಅಗಸೆ ಬರಲಿಲ್ಲ, ಅಷ್ಟರಲ್ಲಿ ಬೆಲೆ ಏರಿತ್ತು. ಕರಾರು ತಲುಪಿತು ಎನ್ನುವುದಕ್ಕಷ್ಟೇ ಹಾಗೆ ಕಳಿಸಿದೆ ಎಂದು ರೈತ ವಾದಿಸಿದ. ಹಿಂದಿನ ವ್ಯವಹಾರಗಳಲ್ಲಿ ಆತ ‘ಓಕೆ’, ‘ಹೂಂ’ ಎಂಬಂಥ ಚುಟುಕು ಉತ್ತರ ಕೊಟ್ಟೇ ಮಾಲು ಪೂರೈಸಿದ್ದ. ಅದನ್ನು ನೋಡಿ ನ್ಯಾಯಾಲಯ 2023ರಲ್ಲಿ ಆ ಹೆಬ್ಬೆರಳನ್ನು ಸಹಿ ಎಂದೇ ಪರಿಗಣಿಸಿ, 82,000 ಕೆನಡಾ ಡಾಲರಿಗೂ ಹೆಚ್ಚು ನಷ್ಟ ಕಟ್ಟಿಕೊಡಲು ಹೇಳಿತು. ಅಲ್ಲಿನ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೂ ಅಲ್ಲಿ ಫೋಟೊದಲ್ಲಿ ಕರಾರಿನ ಪತ್ರ ಇತ್ತು, ಹೆಬ್ಬೆರಳು ಯಾವ ಪತ್ರಕ್ಕೆ ಎಂಬುದಾದರೂ ಸ್ಪಷ್ಟವಿತ್ತು. ನಮ್ಮ ಬಾಕ್ಸ್ ವ್ಯವಹಾರದಲ್ಲಿ ಅಷ್ಟೂ ಇಲ್ಲ.

ಆಮೇಲೆ ಆ 48 ಸೆಕೆಂಡಿನ ವಾಯ್ಸ್ ಮೆಸೇಜ್. ಅದನ್ನು ಇನ್ನೊಮ್ಮೆ ಕೇಳಿ ಅಕ್ಷರಕ್ಕೆ ಇಳಿಸಲೇಬೇಕು. ಚಾಟ್‌ನಲ್ಲಿ ಮುಖ್ಯವಾದದ್ದು ಅಡಗಿರುವುದು ಸಾಮಾನ್ಯವಾಗಿ ಇಂಥಲ್ಲೇ. ಬೆರಳಿನಲ್ಲಿ ಟೈಪ್ ಮಾಡಲು ಬೇಜಾರಾಗುವಷ್ಟು ವಿವರ ಇದ್ದಾಗಲೇ ಜನ ಮೈಕ್ ಒತ್ತುವುದು. ಅದರಲ್ಲಿ ಹೀಗಿತ್ತು: “ಮೇಡಂ, ಪ್ರಿಂಟಿಂಗ್ ಬ್ಲಾಕ್‌ಗೆ ಆರು ಸಾವಿರ ಆಗುತ್ತೆ, ಈ ಸಲ ನಾವೇ ನೋಡ್ಕೊಳ್ತೀವಿ ಬಿಡಿ, ಮುಂದೆ ಅಡ್ಜಸ್ಟ್ ಮಾಡೋಣ. ಗಾಡಿ ಹೆಂಗೂ ಆ ಕಡೆ ಬರ್ತಾ ಇರುತ್ತೆ, ಹಾಕಿ ಕಳಿಸ್ತೀನಿ.”

ಬ್ಲಾಕ್ ಎಂದರೆ ನಿಮ್ಮ ಡಿಸೈನಿಗೆಂದೇ ಒಂದು ಸಲ ಮಾಡಿಸುವ ಅಚ್ಚು. ಅದರ ಆರು ಸಾವಿರವನ್ನು ಅವರೇ ಹೊರುತ್ತಾರೆ ಎಂದು ಮೇಡಂ ಕೇಳಿಸಿಕೊಂಡರು. ಈಗ ಬಿಲ್‌ಗೆ ಹಾಕುವುದಿಲ್ಲ, ಮುಂದಿನ ಆರ್ಡರಿನಲ್ಲಿ ವಸೂಲು ಮಾಡುತ್ತೇನೆ ಎಂದು ಅವರು ಹೇಳಿದ್ದಿರಬಹುದು. 1500 ಬಾಕ್ಸಿನ ಮೇಲೆ ಹಂಚಿದರೆ ಬಾಕ್ಸಿಗೆ ನಾಲ್ಕು ರೂಪಾಯಿ. 31ರಿಂದ 29.50ಕ್ಕೆ ಇಳಿಸಲು ಅಷ್ಟು ಹೊತ್ತು ಎಳೆದಾಡಿದ್ದು ಒಂದೂವರೆ ರೂಪಾಯಿಗೆ. ಗಾಡಿ ಬಾಡಿಗೆ ಬೆಲೆಯಲ್ಲಿ ಸೇರಿದೆಯೇ, ಜಿಎಸ್‌ಟಿ ಸೇರಿದೆಯೇ ಎಂಬುದಂತೂ ಎಲ್ಲೂ ಇಲ್ಲ.

ಉಳಿದದ್ದು ಫೋನ್ ಕರೆ. ಚಾಟ್‌ನಲ್ಲಿ ಅದೊಂದು ತೂತು. ‘ಫೋನಲ್ಲಿ ಮಾತಾಡಿದ ಹಾಗೇ’ ಎಂಬುದಕ್ಕೆ ಯಾರ ಹತ್ತಿರವೂ ಬರಹವಿಲ್ಲ. ಮೇಡಂ ನೆನಪಿನ ಪ್ರಕಾರ 40% ಮುಂಗಡ, ಉಳಿದದ್ದಕ್ಕೆ 30 ದಿನ ಎಂದು ಒಪ್ಪಿದ್ದರು. ಆ 30 ದಿನ ಬಿಲ್ ತಾರೀಕಿನಿಂದಲೋ, ಮಾಲು ಬಂದ ದಿನದಿಂದಲೋ ಮಾತಾಗಲಿಲ್ಲ.

ಇಲ್ಲಿ ಬರಹ ಏಕೆ ಬೇಕು ಎನ್ನುವುದಕ್ಕೆ ಒಂದು ಗಟ್ಟಿ ಕಾರಣವಿದೆ. ಬಾಯಿಮಾತಿನ ಕರಾರೂ ಕರಾರೇ, ವಾಟ್ಸಾಪ್‌ನ ಒಪ್ಪಂದವೂ ಒಪ್ಪಂದವೇ. ವಿದ್ಯುನ್ಮಾನ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ಬಾಕ್ಸೈಟ್ ಪೂರೈಕೆಯ ಒಂದು ವ್ಯಾಜ್ಯದಲ್ಲಿ, ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವೆ, ಸುಪ್ರೀಂ ಕೋರ್ಟ್ 2010ರಲ್ಲಿ ಬರೀ ಇ-ಮೇಲ್ ವಿನಿಮಯದಿಂದಲೇ ಕರಾರು ಪೂರ್ಣಗೊಂಡಿತ್ತು ಎಂದಿತು. ಆಮೇಲೆ ಔಪಚಾರಿಕ ಪತ್ರ ತಯಾರಿಸಿ ಸಹಿ ಹಾಕಬೇಕೆಂದು ಇದ್ದರೂ ಅದು ಆಗಲೇ ಆದ ಕರಾರನ್ನು ಕೆಡಿಸುವುದಿಲ್ಲ ಎಂದೂ ಹೇಳಿತು. ಆದರೆ ಪಾವತಿಯ ಗಡುವಿನ ವಿಷಯದಲ್ಲಿ ಕಾನೂನೇ ಬರಹ ಕೇಳುತ್ತದೆ. ಪೂರೈಸುವವರು ನೋಂದಾಯಿತ ಕಿರು ಅಥವಾ ಸಣ್ಣ ಉದ್ಯಮವಾಗಿದ್ದರೆ, ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನಂತೆ ಇಬ್ಬರೂ ಬರಹದಲ್ಲಿ ಒಪ್ಪಿದ ದಿನದೊಳಗೆ ದುಡ್ಡು ಕೊಡಬೇಕು, ಅದು ಮಾಲು ಸ್ವೀಕರಿಸಿದಲ್ಲಿಂದ 45 ದಿನ ಮೀರುವಂತಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ ಅಷ್ಟೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಅಂದರೆ ಮೇಡಂ ಫೋನಿನಲ್ಲಿ ಗಳಿಸಿದ 30 ದಿನ ಬರಹಕ್ಕೆ ಬರದಿದ್ದರೆ ಅರ್ಧಕ್ಕೆ ಇಳಿಯಬಹುದು. ಆರು ನಿಮಿಷದ ಕರೆಯನ್ನು ‘ಬರಹ’ ಮಾಡುವುದು ಮೇಲ್ ಒಂದೇ.

ಇಷ್ಟು ಬಿಡಿಸಿದ ಮೇಲೆ ಮೇಲ್ ತಾನಾಗಿ ರೂಪ ತಳೆಯುತ್ತದೆ. ಮೂರು ರಾಶಿ ಬೇರೆ ಬೇರೆಯಾಗಿ ಗೊತ್ತಾಗಬೇಕು: ಒಪ್ಪಿದ್ದು, ಮೊದಲು ಹೇಳಿ ಆಮೇಲೆ ಬದಲಾದದ್ದು, ಇನ್ನೂ ತೀರ್ಮಾನವಾಗದ್ದು. ಮೂರನೆಯ ರಾಶಿಯನ್ನು ನಾಚಿಕೆಪಟ್ಟು ಬಿಟ್ಟುಬಿಡುವವರೇ ಹೆಚ್ಚು. ನನ್ನ ಪ್ರಕಾರ ಮೇಲ್‌ನ ಜೀವ ಇರುವುದೇ ಅಲ್ಲಿ.

ಭಾಷೆ ಇಂಗ್ಲಿಷೇ ಆಗಬೇಕೆಂದಿಲ್ಲ. ಇಬ್ಬರಿಗೂ ಕನ್ನಡ ಸಲೀಸಾದರೆ ಕನ್ನಡದಲ್ಲೇ ಬರೆಯುವುದು ಕ್ಷೇಮ. ಅರ್ಧಂಬರ್ಧ ತಿಳಿದ ಇಂಗ್ಲಿಷಿನಲ್ಲಿ ಬರೆದು, ಅರ್ಥವಾಗದೆ ‘ಓಕೆ’ ಎನ್ನಿಸಿಕೊಂಡರೆ ಏನು ಬಂತು? ಮೇಡಂ ಬರೆಯಬಹುದಾದ ಮೇಲ್ ಹೀಗೆ:

ವಿಷಯ: 1500 ಐದು ಪ್ಲೈ ಬಾಕ್ಸ್ ಆರ್ಡರ್ – ಜೂನ್ 3ರಿಂದ 5ರವರೆಗೆ ಮಾತಾಡಿದ್ದರ ದಾಖಲೆ – ದಯವಿಟ್ಟು ದೃಢಪಡಿಸಿ

ನಮಸ್ಕಾರ ಸಾರ್,

ಜೂನ್ 3, 4, 5ರಂದು ವಾಟ್ಸಾಪ್‌ನಲ್ಲಿ ಮತ್ತು 4ರ ಸಂಜೆ ಫೋನಿನಲ್ಲಿ ನಾವು ಮಾತಾಡಿದ್ದನ್ನು ಕೆಳಗೆ ಬರೆದಿದ್ದೇನೆ. ನಾನು ಅರ್ಥಮಾಡಿಕೊಂಡದ್ದರಲ್ಲಿ ತಪ್ಪಿದ್ದರೆ ಇದೇ ಮೇಲ್‌ಗೆ ಉತ್ತರಿಸಿ ತಿದ್ದಿ.

ನನಗೆ ತಿಳಿದಂತೆ ಒಪ್ಪಿರುವುದು:
1. ಐದು ಪ್ಲೈ ರಟ್ಟಿನ ಬಾಕ್ಸ್, ಎರಡು ಬಣ್ಣದ ಮುದ್ರಣ. ಒಳ ಅಳತೆ 365 × 245 × 115 ಮಿ.ಮೀ. (60 ಮಿ.ಮೀ. ಅಗಲದ 24 ಜಾಡಿ ಕೂರಬೇಕು.)
2. ಸಂಖ್ಯೆ 1500. ಮೊದಲು ಕೇಳಿದ್ದ 2000ದ ಬದಲು ಇದು.
3. ಬೆಲೆ ಬಾಕ್ಸಿಗೆ ರೂ. 29.50, ಒಟ್ಟು ರೂ. 44,250. ಜಿಎಸ್‌ಟಿ ಪ್ರತ್ಯೇಕ ಎಂದು ಭಾವಿಸಿದ್ದೇನೆ.
4. ಜೂನ್ 16ರ ಸಂಜೆ 5ರೊಳಗೆ ಮಾಲು ನಮ್ಮ ಘಟಕ ತಲುಪಬೇಕು. (ನಿಮ್ಮಲ್ಲಿಂದ ಹೊರಡುವ ದಿನವಲ್ಲ.)
5. ಮುಂಗಡ 40%, ರೂ. 17,700. ಉಳಿದದ್ದು ಮತ್ತು ಜಿಎಸ್‌ಟಿ ಮಾಲು ತಲುಪಿದ ದಿನದಿಂದ 30 ದಿನದೊಳಗೆ. (40% ಮತ್ತು 30 ದಿನ ಫೋನಿನಲ್ಲಿ ಒಪ್ಪಿದ್ದು.) ದಿನದ ಲೆಕ್ಕ ಮಾಲು ತಲುಪಿದಲ್ಲಿಂದ ಎಂದು ಭಾವಿಸಿದ್ದೇನೆ.
6. ಡಿಸೈನ್: ಇದರ ಜೊತೆಗಿರುವ ಪಿಡಿಎಫ್. ವಾಟ್ಸಾಪ್‌ನಲ್ಲಿ ಕಳಿಸಿದ ಎರಡೂ ಫೋಟೊಗಳನ್ನು ಬಿಟ್ಟುಬಿಡಿ.

ಇನ್ನೂ ತೀರ್ಮಾನವಾಗಬೇಕಾದದ್ದು:
ಅ. ಬ್ಲಾಕ್ ಖರ್ಚು ರೂ. 6,000. ನೀವೇ ಹೊರುತ್ತೀರೋ, ಮುಂದಿನ ಆರ್ಡರಿನಲ್ಲಿ ಸೇರಿಸುತ್ತೀರೋ ತಿಳಿಸಿ.
ಆ. ಗಾಡಿ ಬಾಡಿಗೆ ಬೆಲೆಯಲ್ಲಿ ಸೇರಿದೆಯೇ?

ನಿಮ್ಮ ಉತ್ತರ ಬಂದ ದಿನವೇ ಮುಂಗಡ ಹಾಕುತ್ತೇನೆ. ಅಲ್ಲಿಯವರೆಗೆ ಬ್ಲಾಕ್ ಮಾಡಿಸಬೇಡಿ.

ಇಲ್ಲಿ ಕೆಲವು ಸಾಲುಗಳನ್ನು ಬೇಕೆಂದೇ ಹಾಗೆ ಬರೆದದ್ದು. ‘ಮೊದಲು ಕೇಳಿದ್ದ 2000ದ ಬದಲು’ ಎಂದಿದ್ದರಿಂದ, ನಾಳೆ ಯಾರಾದರೂ ಚಾಟ್ ಮೇಲಕ್ಕೆ ಉರುಳಿಸಿ 2000 ತೋರಿಸಿದರೆ ಅದಕ್ಕೆ ಇಲ್ಲೇ ಉತ್ತರವಿದೆ. ಅಳತೆಯ ಪಕ್ಕ ಜಾಡಿಯ ಲೆಕ್ಕ ಇದೆ. ಸಂಖ್ಯೆಯಲ್ಲಿ ತಪ್ಪಾಗಿದ್ದರೂ ಉದ್ದೇಶ ನೋಡಿ ಹಿಡಿಯಬಹುದು. ಜಿಎಸ್‌ಟಿ ಬಗ್ಗೆ ಮಾತೇ ಆಗಿರಲಿಲ್ಲ, ಹಾಗಾಗಿ ‘ಒಪ್ಪಿದಂತೆ’ ಎನ್ನದೆ ‘ಭಾವಿಸಿದ್ದೇನೆ’ ಎಂದಿದೆ. ಕೊನೆಯ ಸಾಲಿಗೆ ಒಂದು ಹಲ್ಲು ಇದೆ. ಉತ್ತರಕ್ಕೂ ಮುಂಗಡಕ್ಕೂ ಗಂಟು ಹಾಕಿದರೆ ಉತ್ತರ ಬೇಗ ಬರುತ್ತದೆ ಎಂಬುದನ್ನು ಖರೀದಿ ವಿಭಾಗದಲ್ಲಿ ಕೂತವರಿಗೆ ಹೇಳಿಕೊಡಬೇಕಿಲ್ಲ.

ಡಿಸೈನ್ ಫೋಟೊಗಳ ಬಗ್ಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದು ಕುಗ್ಗಿರುತ್ತದೆ, ಅದರ ಮೇಲೆ ಅಚ್ಚು ಮಾಡಿಸಿದರೆ ಸಣ್ಣ ಅಕ್ಷರ ಕಲಸಿಹೋಗುತ್ತದೆ. ಅದಕ್ಕಿಂತ ಅಪಾಯ ‘ಇದೇ ಫೈನಲ್’ ಎಂದು ಒಂದರ ಕೆಳಗೆ ಒಂದು ಎರಡು ಚಿತ್ರ ಇರುವುದು. ಗೋಡೌನ್‌ನ ಹುಡುಗ ಯಾವುದನ್ನು ಡೌನ್‌ಲೋಡ್ ಮಾಡಿದ ಎಂದು ಯಾರು ಕಂಡರು? ಪಿಡಿಎಫ್‌ನ ಹೆಸರಿನಲ್ಲೇ ತಾರೀಕು ಇರಲಿ.

ಒಪ್ಪದ್ದನ್ನು ಒಪ್ಪಿದಂತೆ ಮೇಲ್‌ಗೆ ತೂರಿಸುವುದು ಮಾತ್ರ ಬೇಡ. ‘ತಡವಾದರೆ ದಿನಕ್ಕೆ ಒಂದು ಪರ್ಸೆಂಟ್ ದಂಡ’ ಎಂದು ಚಾಟ್‌ನಲ್ಲಿ ಬರದ ಷರತ್ತನ್ನು ಏಳನೆಯ ಅಂಶವಾಗಿ ಸೇರಿಸುವವರಿದ್ದಾರೆ. ಎದುರಿನವರು ಗಮನಿಸದೆ ‘ಓಕೆ’ ಅಂದರೆ ಗೆದ್ದೆವು ಎಂಬ ಲೆಕ್ಕ. ಗಮನಿಸಿದರೆ, ಆ ಒಂದು ಸಾಲಿನಿಂದ ಉಳಿದ ಆರೂ ಸಾಲಿನ ಮೇಲೆ ಅನುಮಾನ ಹುಟ್ಟುತ್ತದೆ. ನಿಜಕ್ಕೂ ಬೇಕಿದ್ದರೆ ‘ಹೊಸದಾಗಿ ಕೇಳುತ್ತಿರುವುದು’ ಎಂದು ಬೇರೆ ತಲೆಬರಹ ಕೊಟ್ಟು ಕೇಳಬಹುದು.

ಮೇಲ್ ಯಾರಿಗೆ ಹೋಗಬೇಕು? ಚಾಟ್‌ನಲ್ಲಿ ಮಾತಾಡಿದವರಿಗೆ, ಜೊತೆಗೆ ಅವರ ಕಡೆ ಬಿಲ್ ಹಾಕುವವರಿಗೆ. ಮಾತಾಡಿದ್ದು ಸೇಲ್ಸ್‌ನವರಾದರೆ ಬೆಲೆ ಒಪ್ಪುವ ಅಧಿಕಾರ ಇರುವವರಿಗೂ ಪ್ರತಿ ಹೋಗಲಿ. ಮೇಲ್ ಹೋದ ಕೂಡಲೇ ವಾಟ್ಸಾಪ್‌ನಲ್ಲಿ ‘ಸಾರ್, ಮೇಲ್ ಕಳಿಸಿದ್ದೇನೆ, ಅಲ್ಲೇ ಉತ್ತರ ಕೊಡಿ’ ಎಂದು ಹಾಕಬೇಕು. ಸಣ್ಣ ಘಟಕದವರು ದಿನಗಟ್ಟಲೆ ಮೇಲ್ ತೆರೆಯುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಉತ್ತರ ಬರದಿದ್ದರೆ? ‘24 ಗಂಟೆಯಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಿರಿ ಎಂದು ಭಾವಿಸುತ್ತೇವೆ’ ಎಂಬ ಸಾಲನ್ನು ಜನ ಮಂತ್ರದಂತೆ ಬಳಸುತ್ತಾರೆ. ಬರೀ ಮೌನದಿಂದ ಸಾಮಾನ್ಯವಾಗಿ ಒಪ್ಪಿಗೆ ಹುಟ್ಟುವುದಿಲ್ಲ. ಆದರೆ ಮೇಲ್ ಸಿಕ್ಕ ಮೇಲೆ ಅವರು 17,700 ಮುಂಗಡ ತೆಗೆದುಕೊಂಡು, ಅದೇ ಪಿಡಿಎಫ್‌ನಂತೆ ಬ್ಲಾಕ್ ಮಾಡಿಸಿದರೆ ಮಾತು ಬೇರೆ. ಪ್ರಸ್ತಾಪದ ಷರತ್ತಿನಂತೆ ನಡೆದುಕೊಳ್ಳುವುದೂ ಒಪ್ಪಿಗೆಯೇ ಎಂದು ಕರಾರು ಕಾಯ್ದೆಯ 8ನೇ ಕಲಮು ಹೇಳುತ್ತದೆ. ಹಾಗಾಗಿ ಆ ಮಂತ್ರವನ್ನು ನಂಬಿ ಕೂರುವುದಕ್ಕಿಂತ ಮುಂಗಡ ಹಾಕುವಾಗ ಬ್ಯಾಂಕಿನ ಷರಾ ಜಾಗದಲ್ಲಿ ‘ಜೂನ್ 5ರ ಮೇಲ್‌ನಂತೆ’ ಎಂದು ಬರೆಯುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ನೀಲಿ ಟಿಕ್ ಬಿದ್ದಿದೆಯಲ್ಲ ಎನ್ನುವವರಿಗೆ: ಅದು ಓದಿದ್ದಕ್ಕೆ ಗುರುತು, ಒಪ್ಪಿದ್ದಕ್ಕಲ್ಲ.

ನಮ್ಮ ಕಥೆಯಲ್ಲಿ ಉತ್ತರ ಬಂತು ಎಂದುಕೊಳ್ಳೋಣ. “ಮೇಡಂ, ಎಲ್ಲ ಸರಿ ಇದೆ. 29.50 ಹೇಳಿದ್ದು 2000ಕ್ಕೆ, 1500ಕ್ಕೆ 30.25 ಆಗುತ್ತೆ, ಗಾಡಿ ಬಾಡಿಗೆ ಸೇರಿ. ಬ್ಲಾಕ್ ಖರ್ಚು ನಮ್ಮದೇ, ಆದರೆ ವರ್ಷದೊಳಗೆ ಇನ್ನೆರಡು ಆರ್ಡರ್ ಬರದಿದ್ದರೆ 6,000 ಬಿಲ್ ಮಾಡ್ತೀವಿ.” ಹೆಬ್ಬೆರಳಿನ ಒಳಗೆ ಇಷ್ಟೆಲ್ಲ ಇತ್ತು. ‘ಎಲ್ಲ ಸರಿ ಇದೆ’ ಎಂದು ಶುರುವಾದರೂ ಇದು ಒಪ್ಪಿಗೆಯಲ್ಲ, 7ನೇ ಕಲಮಿನ ಲೆಕ್ಕದಲ್ಲಿ ಮತ್ತೊಂದು ಹೊಸ ಪ್ರಸ್ತಾಪ. ಚೆಂಡು ಈಗ ಮೇಡಂ ಅಂಗಳದಲ್ಲಿದೆ. ಒಪ್ಪುವುದಾದರೆ ಅದೇ ಮೇಲ್‌ನ ಸರಣಿಯಲ್ಲಿ ಹೊಸ ಅಂಕಿ ಬರೆದೇ ಒಪ್ಪಬೇಕು: ಬೆಲೆ 30.25 ಬಾಡಿಗೆ ಸೇರಿ, ಒಟ್ಟು 45,375, ಮುಂಗಡ 18,150, ಬ್ಲಾಕ್‌ನ ಷರತ್ತು ಅವರು ಹೇಳಿದಂತೆ, ಉಳಿದ ಅಂಶಗಳು ಹಿಂದಿನ ಮೇಲ್‌ನಲ್ಲಿದ್ದಂತೆ. ಹೆಚ್ಚಾದದ್ದು 1,125 ರೂಪಾಯಿ. ಬಿಲ್ ಬಂದ ಮೇಲೆ ಗೊತ್ತಾಗಿದ್ದರೆ ಇದೇ ಮೊತ್ತಕ್ಕೆ ಒಂದು ವಾರ ಫೋನಿನಲ್ಲಿ ದನಿ ಏರುತ್ತಿತ್ತು.

ಪರ್ಚೇಸ್ ಆರ್ಡರ್ ಕಳಿಸುವ ಪದ್ಧತಿ ಇದ್ದರೆ ಅದರ ಹಿಂಬದಿಯ ಅಚ್ಚಾದ ಷರತ್ತುಗಳನ್ನೂ ಒಮ್ಮೆ ಓದಿ. ಮೇಲ್‌ನಲ್ಲಿ 30 ದಿನ, ಪಿಒ ಹಿಂದೆ 60 ದಿನ ಎಂದಿದ್ದರೆ ನೀವೇ ನಿಮ್ಮ ದಾಖಲೆಯನ್ನು ಸುಳ್ಳು ಮಾಡಿದಂತೆ. ಪಿಒ ಮೇಲೆ ಇಂತಿಂಥ ತಾರೀಕಿನ ಮೇಲ್‌ನಂತೆ ಎಂದು ಒಂದು ಸಾಲು ಸಾಕು.

ಎಲ್ಲ ಮುಗಿಯಿತು ಎಂದುಕೊಂಡ ಮೇಲೆ ಚಾಟ್ ಮತ್ತೆ ಬಾಯಿ ತೆರೆಯುತ್ತದೆ. ಜೂನ್ 12ಕ್ಕೆ ‘ಮೇಡಂ, ಪೇಪರ್ ಲೇಟು, 16 ಆಗಲ್ಲ, 18ಕ್ಕೆ ಕೊಡ್ತೀನಿ’ ಎನ್ನುತ್ತಾರೆ. ಮೇಡಂ ಸೌಜನ್ಯಕ್ಕೆ ‘ಪರವಾಗಿಲ್ಲ ಸಾರ್’ ಎನ್ನುತ್ತಾರೆ. ಆ ಪರವಾಗಿಲ್ಲದಿಂದ ಗಡುವು ಬದಲಾಯಿತು ಎಂದು ಅವರು ಹೇಳಿದರೆ ಅಲ್ಲಗಳೆಯುವುದು ಕಷ್ಟ. ಅದು ನಿಮಗೂ ಒಪ್ಪಿಗೆಯಾದರೆ ಅದೇ ಸರಣಿಗೆ ಒಂದು ಸಾಲು ಹಾಕಿ: ‘ಅಂಶ 4: ಜೂನ್ 16ರ ಬದಲು 18, ಸಂಜೆ 5ರೊಳಗೆ. ಉಳಿದದ್ದರಲ್ಲಿ ಬದಲಾವಣೆ ಇಲ್ಲ.’ ಒಪ್ಪಿಗೆ ಇಲ್ಲದಿದ್ದರೆ ‘ಪರವಾಗಿಲ್ಲ’ ಎನ್ನದೆ ಇರುವುದೇ ಒಳ್ಳೆಯದು. ಮಾಲು ಬಂದ ಮೇಲೆ ತಕರಾರು ಇದ್ದರೂ ಹೀಗೆಯೇ. ಎಂಎಸ್‌ಎಂಇಡಿ ಕಾಯ್ದೆಯಂತೆ, ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ಮಾಲು ತಲುಪಿದ ದಿನವೇ ಸ್ವೀಕರಿಸಿದಿರಿ ಎಂದು ಲೆಕ್ಕ. ಒದ್ದೆಯಾದ ಬಾಕ್ಸಿನ ಫೋಟೊ ತೆಗೆದು ಚಾಟ್‌ಗೆ ಹಾಕಿ ‘ಏನ್ ಸಾರ್ ಇದು’ ಎಂದು ಕೇಳಿದರೆ ಸಾಲದು. ಎಷ್ಟು ಬಾಕ್ಸ್, ಏನು ದೋಷ, ಏನು ಮಾಡಿಕೊಡಬೇಕು ಎಂದು ಮೇಲ್ ಹೋಗಬೇಕು.

ಹಾಗೆಂದು ಮೇಲ್ ಬಂದ ಮೇಲೆ ಚಾಟ್ ಅಳಿಸಬೇಡಿ. ಮೇಲ್‌ನಲ್ಲಿ ‘ಚಾಟ್‌ನಲ್ಲಿ ಮಾತಾಡಿದಂತೆ’ ಎಂದಿರುವವರೆಗೂ ಆ ಚಾಟ್ ಅದರ ಬೇರು. ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು, ಎರಡು ದಿನ ಚಿಲ್ಲರೆಯೊಳಗೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ತಾನಾಗಿ ಮಾಯವಾಗುವ ಸಂದೇಶದ ಆಯ್ಕೆಯನ್ನು ಯಾರಾದರೂ ಒತ್ತಿಬಿಟ್ಟಿದ್ದರೆ ಆಮೇಲಿನ ಮಾತೆಲ್ಲ 24 ಗಂಟೆಗೋ 7 ದಿನಕ್ಕೋ 90 ದಿನಕ್ಕೋ ಹೋಗುತ್ತದೆ. ಹಾಗಾಗಿ ಮೇಲ್ ಬರೆಯುವ ದಿನವೇ ಆ ಚಾಟ್‌ನ ಮೆನುವಿನಲ್ಲಿ `Export chat` ಒತ್ತಿ, ಮೀಡಿಯಾ ಸೇರಿಸಿ ಉಳಿಸಿಕೊಳ್ಳುವುದು ಒಳ್ಳೆಯದು. ವಾಯ್ಸ್ ಮೆಸೇಜ್ ಅದರಲ್ಲಿ ಧ್ವನಿ ಫೈಲಾಗಿ ಬರುತ್ತದೆ, ಅಕ್ಷರವಾಗಿ ಅಲ್ಲ. ಮೀಡಿಯಾ ಬಿಟ್ಟು ಉಳಿಸಿದರೆ ಆ 48 ಸೆಕೆಂಡ್ ಇರುವುದೇ ಇಲ್ಲ. ಎದುರಿನವರು ವಾಟ್ಸಾಪ್‌ನ ‘ಸುಧಾರಿತ ಚಾಟ್ ಗೌಪ್ಯತೆ’ ಎಂಬ ಆಯ್ಕೆಯನ್ನು ಆನ್ ಮಾಡಿದ್ದರೆ ಈ ದಾರಿಯೇ ಮುಚ್ಚಿರುತ್ತದೆ.

ವಿಷಯ ನ್ಯಾಯಾಲಯದವರೆಗೆ ಹೋದರೆ ಹೀಗೆ ಉಳಿಸಿದ ಪ್ರತಿ ಒಂದೇ ಸಾಲದು. ಚಾಟ್ ಆಗಲಿ ಮೇಲ್ ಆಗಲಿ, ಮುದ್ರಿಸಿದ ಪ್ರತಿಯ ಜೊತೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದರಲ್ಲಿ ಯಾವ ಸಾಧನದಿಂದ ತೆಗೆದದ್ದು ಎಂಬುದೂ ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆಯೂ ಇರಬೇಕು, ತಜ್ಞರು ತುಂಬಬೇಕಾದ ಭಾಗವೂ ಉಂಟು. ಹಾಗಾಗಿ ಹೊಸ ಫೋನ್ ತೆಗೆದುಕೊಂಡಾಗ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮುನ್ನ ಆ ಬಾಕ್ಸ್‌ನವರ ಬಾಕಿ ಲೆಕ್ಕ, ಅಂದರೆ ಬ್ಲಾಕ್‌ನ ಆರು ಸಾವಿರದ ಒಂದು ವರ್ಷ, ಮುಗಿದಿದೆಯೇ ನೋಡಿಕೊಳ್ಳಿ.